ಆ ಬಾಲ್ ಯಾರದು?

ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ಟೆನಿಸ್ ಕೋರ್ಟಿನಿಂದ ನಾನೂ ನನ್ನ ಗಂಡನೂ ಜಗಳ ಆಡದೆ ಮನೆಗೆ ಬಂದ ದಿನಗಳು ಕಡಿಮೆ. ಕಾರಣ ಒಂದೇ. ಎದುರಿನವರು ಹೊಡೆದ ಬಾಲ್ ನಮ್ಮಿಬ್ಬರ ಮಧ್ಯೆ ಸೊಯ್ಯನೆ ಹೋಗುತ್ತಿತ್ತು. 'ಅದು ನಿನ್ನ ಬಾಲ್' ಅಂತ ನಾನು. 'ನೆಟ್ ಹತ್ರ ಇದ್ದೋಳು ನೀನು, ಕೈ ಚಾಚಿದ್ರೆ ಸಿಗ್ತಿತ್ತು' ಅಂತ ಅವನು. ಕಾಫಿ ಕುಡಿಯುವಾಗಲೂ ಅದೇ ಮಾತು. ಒಂದು ಹಂತದಲ್ಲಿ, ಇನ್ನು ಮೇಲೆ ಬೇರೆ ಬೇರೆ ಪಾರ್ಟ್‌ನರ್ ಜೊತೆ ಆಡೋಣ ಅಂತಲೇ ಅಂದುಕೊಂಡೆವು.

ನಮ್ಮನ್ನು ಪ್ರತಿ ವಾರ ಸೋಲಿಸುತ್ತಿದ್ದವರು ಕೆಳಗಿನ ಮಹಡಿಯ ಅಂಕಲ್-ಆಂಟಿ. ಇಬ್ಬರಿಗೂ ಅರವತ್ತು ದಾಟಿದೆ. ಓಡುವುದು ಕಡಿಮೆ, ಜೋರಾಗಿ ಹೊಡೆಯುವುದು ಇನ್ನೂ ಕಡಿಮೆ. ಒಂದು ದಿನ 6-1ರಲ್ಲಿ ಸೋತ ಮೇಲೆ ಆಂಟಿ ನೀರಿನ ಬಾಟಲಿ ಮುಚ್ಚುತ್ತಾ ಅಂದರು: 'ನೀವಿಬ್ಬರೂ ನಮಗಿಂತ ಚೆನ್ನಾಗಿ ಹೊಡೀತೀರಮ್ಮ. ನಿಂತ್ಕೊಳ್ಳೋ ಜಾಗ ಮಾತ್ರ ಸರಿಯಿಲ್ಲ.'

ನಾವು ಆಡುತ್ತಿದ್ದದ್ದು ಎಲ್ಲ ಹವ್ಯಾಸಿಗಳೂ ಆಡುವ ಹಾಗೆ, ಒಬ್ಬರು ಮುಂದೆ, ಒಬ್ಬರು ಹಿಂದೆ. ಅವನು ಬೇಸ್‌ಲೈನಿನಲ್ಲಿ, ನಾನು ನೆಟ್ಟಿಗೆ ಮೂಗು ತಾಗಿಸಿದ ಹಾಗೆ. ಎದುರಿನವರು ಸರ್ವ್ ಮಾಡುವಾಗಲೂ ಅಷ್ಟೇ, ನನ್ನ ಜಾಗ ಬದಲಾಗುತ್ತಿರಲಿಲ್ಲ.

ಆಂಟಿ ನಾವು ಆಗಷ್ಟೇ ಸೋತ ಒಂದು ಪಾಯಿಂಟನ್ನೇ ಮತ್ತೆ ಬಿಡಿಸಿ ತೋರಿಸಿದರು. ಅಂಕಲ್ ಸರ್ವ್ ಮಾಡಿದ್ದರು, ನನ್ನ ಗಂಡ ಬಲಗಡೆ ಬೇಸ್‌ಲೈನಿನಿಂದ ಅದನ್ನು ವಾಪಸ್ ಹೊಡೆದಿದ್ದ. ಆ ಬಾಲ್ ಅಂಕಲ್ ಕಡೆಗೆ ಮೂಲೆಯಿಂದ ಮೂಲೆಗೆ ಹೋಗಬೇಕಿತ್ತು. ಆದರೆ ನೆಟ್ ಹತ್ತಿರವಿದ್ದ ಆಂಟಿ ಎರಡು ಹೆಜ್ಜೆ ಮಧ್ಯಕ್ಕೆ ಬಂದು, ನೆಲಕ್ಕೆ ಬೀಳುವ ಮೊದಲೇ ಅದನ್ನು ತಡೆದು, ನನಗೂ ಅವನಿಗೂ ನಡುವೆ ತಳ್ಳಿದ್ದರು. ನಾನಿದ್ದದ್ದು ನೆಟ್ಟಿನಿಂದ ಐದು ಅಡಿ ದೂರದಲ್ಲಿ. ಅವನಿದ್ದದ್ದು ಸುಮಾರು 39 ಅಡಿ ದೂರದಲ್ಲಿ. ನಮ್ಮಿಬ್ಬರ ಮಧ್ಯೆ ಓರೆಯಾಗಿ ಒಂದು ಹೆದ್ದಾರಿಯೇ ತೆರೆದಿತ್ತು. ನನಗೆ ಕೈ ಎತ್ತಲೂ ಸಮಯವಿರಲಿಲ್ಲ, ಅವನು ಎಷ್ಟು ಓಡಿದರೂ ಸಿಗುತ್ತಿರಲಿಲ್ಲ. ಅಂದರೆ ಆ ಬಾಲ್ ನನ್ನದೂ ಅಲ್ಲ, ಅವನದೂ ಅಲ್ಲ. ಜಗಳಕ್ಕೆ ಅರ್ಥವೇ ಇರಲಿಲ್ಲ!

ಪರಿಹಾರ ಸುಲಭದ್ದೇ. ನಮ್ಮ ಜೊತೆಗಾರ ಸರ್ವ್ ಎದುರಿಸುವಾಗ ನಾವು ನೆಟ್ ಬಿಟ್ಟು ಸರ್ವಿಸ್ ಲೈನಿಗೆ ಬರಬೇಕು, ಅಂದರೆ ನೆಟ್ಟಿನಿಂದ 21 ಅಡಿ ಹಿಂದಕ್ಕೆ, ಒಂದು ಹೆಜ್ಜೆ ಮಧ್ಯದ ಕಡೆಗೆ. ಸರ್ವ್ ಆ ಗೆರೆಯ ಒಳಗೆ ಬಿತ್ತೋ ಹೊರಗೋ ಅಂತ ಹೇಳುವುದಕ್ಕೂ ಅದೇ ಸರಿಯಾದ ಜಾಗ. ಆಮೇಲೆ ಹಿಂದೆ ತಿರುಗಿ ಗಂಡನನ್ನು ನೋಡಬಾರದು, ಎದುರಿಗೆ ನೆಟ್ ಹತ್ತಿರ ನಿಂತವರನ್ನು ನೋಡಬೇಕು. ಅವರು ರಾಕೆಟ್ ಎತ್ತಿ ಬಾಲಿನ ಕಡೆಗೆ ಹೊರಟರೆ ನಾವು ಅಲ್ಲೇ ನಿಂತು ಮಧ್ಯದ ದಾರಿ ಕಾಯಬೇಕು. ಬಾಲ್ ಅವರನ್ನು ದಾಟಿ ಹೋಯಿತು ಅಂತ ಗೊತ್ತಾದ ಕ್ಷಣ ಮುಂದೆ ಹೋಗಬಹುದು, ನೆಟ್ಟಿನಿಂದ ಎಂಟು-ಹತ್ತು ಅಡಿ ದೂರದವರೆಗೆ. ಮುಂದಿನ ಹೊಡೆತದಲ್ಲಿ ಬಾಲ್ ಮತ್ತೆ ಅವರ ಕೈಗೆ ಸಿಗುವ ಹಾಗಿದ್ದರೆ ಹಿಂದಕ್ಕೆ. ತೂಗುಯ್ಯಾಲೆಯ ಹಾಗೆ. ಮುಂದಿನವರ ಕೆಲಸ ನಿಲ್ಲುವುದಲ್ಲ, ಓಲಾಡುವುದು.

ಈ ಒಂದು ಬದಲಾವಣೆಯಿಂದಲೇ ಮುಂದಿನ ವಾರ 6-4ರವರೆಗೆ ಬಂದೆವು. ಸೋಲು ಸೋಲೇ, ಆದರೆ ಆ ಹೆದ್ದಾರಿ ಮುಚ್ಚಿತ್ತು.

ನನ್ನ ಗಂಡನಿಗೆ ಉತ್ಸಾಹ ಹೆಚ್ಚಾಯಿತು. 'ಟಿವಿಯಲ್ಲಿ ನೋಡು, ಇಬ್ಬರೂ ನೆಟ್ ಹತ್ರಾನೇ ಇರ್ತಾರೆ. ನಾವೂ ಹಾಗೇ ಆಡೋಣ' ಅಂದ. ಇಬ್ಬರೂ ಮುಂದೆ ಹೋಗಿ ಅಕ್ಕಪಕ್ಕ ಗೋಡೆಯ ಹಾಗೆ ನಿಂತೆವು. ಆಂಟಿಗೆ ಇನ್ನೇನು ಬೇಕು? ನಮ್ಮ ತಲೆಯ ಮೇಲೆ ಮೆತ್ತಗೆ ಒಂದು ಲಾಬ್ ಎತ್ತಿದರು. ಇಬ್ಬರೂ ಹಿಂದಕ್ಕೆ ಓಡಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೊಂದು ಬಾಕಿ.

ಇಬ್ಬರೂ ಮುಂದೆ ಹೋಗುವುದು ತಪ್ಪಲ್ಲ. ಯಾವಾಗ ಹೋಗುತ್ತೇವೆ, ಎಲ್ಲಿ ನಿಲ್ಲುತ್ತೇವೆ ಅನ್ನುವುದು ಮುಖ್ಯ. ಎದುರಿನವರ ಬಾಲ್ ಸರ್ವಿಸ್ ಲೈನಿನ ಒಳಗೆ ಚಿಕ್ಕದಾಗಿ ಬಿದ್ದಾಗ ಹಿಂದಿರುವವರು ಅದನ್ನು ಹೊಡೆಯುತ್ತಲೇ ಮುಂದೆ ಬರಬಹುದು, ಹೇಗೂ ಅರ್ಧ ದಾರಿ ಬಂದಾಗಿದೆ. ಬೇಸ್‌ಲೈನಿನಿಂದ ಸುಮ್ಮನೆ ಓಡಿ ಬಂದರೆ ಮಧ್ಯದಲ್ಲೇ ಸಿಕ್ಕಿಕೊಂಡು, ಕಾಲ ಬುಡಕ್ಕೆ ಬಾಲ್ ಬೀಳುತ್ತದೆ.

ನಿಲ್ಲುವುದೂ ಒಂದೇ ಸಾಲಿನಲ್ಲಲ್ಲ. ಬಾಲ್ ಎದುರಿನ ಯಾವ ಮೂಲೆಯಲ್ಲಿದೆ ಅಂತ ನೋಡಿ. ಒಮ್ಮೆ ಅದು ನನ್ನ ನೇರಕ್ಕೆ, ನಮ್ಮ ಎಡಗಡೆಯ ಎದುರಿಗೆ, ಅಂಕಲ್ ಹತ್ತಿರ ಇತ್ತು. ಆಗ ನಾನು ಒಂದೆರಡು ಹೆಜ್ಜೆ ಮುಂದೆ ಹೋಗಿ ನನ್ನ ಬದಿಯ ಗೆರೆ ಕಾಯುತ್ತೇನೆ. ಬಾಲಿಗೆ ಓರೆಯಲ್ಲಿರುವ ನನ್ನ ಗಂಡ ಮಧ್ಯಕ್ಕೆ ಸರಿದು, ನನಗಿಂತ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಮಧ್ಯದ ಬಾಲ್ ಅವನದು, ಲಾಬ್ ಬಂದರೂ ಹೆಚ್ಚಾಗಿ ಅವನದೇ. ಬಾಲ್ ಎದುರಿನ ಇನ್ನೊಂದು ಮೂಲೆಗೆ ಹೋದರೆ ಇಬ್ಬರೂ ಜೊತೆಯಾಗಿ ಆ ಕಡೆಗೆ ಸರಿದು, ಪಾತ್ರ ಅದಲುಬದಲು ಮಾಡಿಕೊಳ್ಳುತ್ತೇವೆ.

'ಹಾಗಾದ್ರೆ ನನ್ನ ಬಲಗಡೆ ಪೂರ್ತಿ ಖಾಲಿ ಬಿಡೋದಾ?' ಅಂತ ಅವನು ಕೇಳಿದ. ಹೌದು, ಬಿಡಬೇಕು. ಕೋರ್ಟಿನ ಅಗಲ 36 ಅಡಿ, ಇಬ್ಬರಿಂದ ಅಷ್ಟನ್ನೂ ಕಾಯಲು ಆಗುವುದಿಲ್ಲ. ಆ ಮೂಲೆಯಿಂದ ಈ ಖಾಲಿ ಜಾಗಕ್ಕೆ ಹೊಡೆಯಬೇಕಾದರೆ ಬಾಲ್ ನೆಟ್ ದಾಟಿದ ಕೂಡಲೇ ಬೀಳಬೇಕು, ಸ್ವಲ್ಪ ಜೋರಾದರೂ ಹೊರಗೆ. ಮಧ್ಯಕ್ಕೆ ಹೊಡೆಯುವುದಾದರೆ ಅವರಿಗೆ ಸಲೀಸು. ಬದಿಯ ಕಂಬದ ಹತ್ತಿರ ಮೂರೂವರೆ ಅಡಿ ಇರುವ ನೆಟ್ ಮಧ್ಯದಲ್ಲಿ ಮೂರೇ ಅಡಿ. ಸುಲಭದ ಹೊಡೆತಕ್ಕೆ ಬಾಗಿಲು ಹಾಕಿ, ಕಷ್ಟದ್ದಕ್ಕೆ ತೆರೆದಿಡುವುದೇ ಲೆಕ್ಕ. ಅದನ್ನೂ ಹೊಡೆದರೆ ಚಪ್ಪಾಳೆ ತಟ್ಟಿ ಮುಂದಿನ ಪಾಯಿಂಟ್ ಆಡಿ.

ಲಾಬ್ ತೀರಾ ಆಳಕ್ಕೆ ಹೋದರೆ ಇಬ್ಬರೂ ಹಿಂದಕ್ಕೆ. ಒಬ್ಬರು ಮುಂದೆಯೇ ಉಳಿದರೆ ಹಳೆಯ ಹೆದ್ದಾರಿ ಮತ್ತೆ ತೆರೆದುಕೊಳ್ಳುತ್ತದೆ. ತಲೆ ಮೇಲಿನ ಬಾಲನ್ನು ಬಡಿಯುವ ಸ್ಮ್ಯಾಶ್ ಇಬ್ಬರಿಗೂ ಬರದಿದ್ದರೆ, ಅದನ್ನು ಕಲಿಯುವ ತನಕ ಒಬ್ಬರು ಹಿಂದೆ ಇರುವುದೇ ವಾಸಿ. ಆಗ ಲಾಬ್ ಮುಂದಿನವರ ತಲೆ ದಾಟಿದರೆ ಹಿಂದಿನವರು ಅಡ್ಡ ಓಡಿ ಅದನ್ನು ತೆಗೆಯಬೇಕು, ಓಡುತ್ತಲೇ 'ಸ್ವಿಚ್' ಅಂತ ಕೂಗಬೇಕು. ಮುಂದಿನವರು ಕೂಡಲೇ ಇನ್ನೊಂದು ಬದಿಗೆ ಹೋಗಬೇಕು. ಕೂಗದಿದ್ದರೆ ಇಬ್ಬರೂ ಒಂದೇ ಬದಿಯಲ್ಲಿ, ಅರ್ಧ ಕೋರ್ಟ್ ಅನಾಥ.

ಹೋದ ಭಾನುವಾರ ಅಂಕಲ್-ಆಂಟಿ ಜೊತೆ 5-5ರವರೆಗೆ ಆಡಿ, 7-5ರಲ್ಲಿ ಸೋತೆವು. ನಮ್ಮಿಬ್ಬರ ಮಧ್ಯೆ ಎರಡು ಬಾಲ್ ಹೋದವು. ಒಂದು ನನ್ನದು, ಒಂದು ಅವನದು. ಈ ಸಲ ಇಬ್ಬರಿಗೂ ಅದು ಗೊತ್ತಿತ್ತು. ಕಾಫಿ ಹೊತ್ತಿಗೆ ಮಾತಾಡಲು ಬೇರೆ ವಿಷಯ ಹುಡುಕಬೇಕಾಯಿತು.