ಹೆಸರು ಬಾಯಲ್ಲಿ ನೀರೂರಿಸಲಿ, ತಟ್ಟೆಗೆ ಬರುವುದನ್ನೂ ಹೇಳಲಿ

ಬೆಂಗಳೂರಿನಲ್ಲಿ ಕರಾವಳಿ ಊಟದ ಪುಟ್ಟ ಹೋಟೆಲು ತೆರೆಯುವವರು ಮೆನುವಿನಲ್ಲಿ ‘ಕೋರಿ ರೊಟ್ಟಿ’ ಎಂದಷ್ಟೇ ಬರೆದರೆ ಮಂಗಳೂರಿನವರಿಗೆ ಸಾಕು. ಹಾಸನದವರಿಗೆ ಸಾಲದು. ಅವರ ಮನೆಯಲ್ಲಿ ರೊಟ್ಟಿ ಎಂದರೆ ಕಾವಲಿಯಿಂದ ಈಗಷ್ಟೇ ಇಳಿದ ಬಿಸಿ, ಮೆತ್ತನೆಯ ಅಕ್ಕಿ ರೊಟ್ಟಿ. ಎದುರಿಗೆ ಬರುವುದು ಹಪ್ಪಳದಂತೆ ಗರಿಗರಿಯಾದ, ತಣ್ಣಗಿನ ತೆಳು ಹಾಳೆ. ಅದನ್ನು ಮುರಿದು, ಮೇಲೆ ಕೋಳಿ ಸಾರು ಸುರಿದು, ನೆನೆಯಲು ಬಿಟ್ಟು ತಿನ್ನಬೇಕೆಂದು ಗೊತ್ತಿಲ್ಲದವರು ಸಪ್ಲೈಯರನ್ನು ಕರೆದು, ‘ರೊಟ್ಟಿ ಆರಿಹೋಗಿದೆಯಲ್ರೀ’ ಎನ್ನುತ್ತಾರೆ. ಅಡುಗೆಯಲ್ಲಿ ತಪ್ಪಿಲ್ಲ, ಮೆನು ಹೇಳಬೇಕಾದ್ದನ್ನು ಹೇಳಿಲ್ಲ.

ಹಾಗೆಂದು ಹೆಸರನ್ನೇ ಬದಲಿಸಿ ‘ಕರಾವಳಿ ಕ್ರಿಸ್ಪಿ ಚಿಕನ್’ ಎಂದು ಮಾಡಿದರೆ ಊರಿನ ಗಿರಾಕಿ ಕೈತಪ್ಪುತ್ತಾನೆ, ಹೊಸಬ ಕರಿದ ಕೋಳಿಯನ್ನು ನಿರೀಕ್ಷಿಸುತ್ತಾನೆ. ಅದಕ್ಕಿಂತ ಹೆಸರನ್ನು ಹಾಗೇ ಉಳಿಸಿ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸುವುದು ಒಳ್ಳೆಯದು: ‘ಗರಿಗರಿ ಅಕ್ಕಿ ರೊಟ್ಟಿ, ಸುರಿದುಕೊಳ್ಳಲು ತೆಂಗಿನಕಾಯಿ ಅರೆದ ಕೋಳಿ ಸಾರು, ಖಾರ ಜೋರು.’ ಏನು, ಹೇಗೆ ತಿನ್ನಬೇಕು, ಎಷ್ಟು ಖಾರ ಎಲ್ಲವೂ ಅದರಲ್ಲಿದೆ. ಹೆಸರು ಚಿಕ್ಕದಾಗಿರುವುದರಿಂದ ಇನ್ನೊಂದು ಅನುಕೂಲವೂ ಇದೆ. ಸಪ್ಲೈಯರ್ ಒಳಗೆ ಕೂಗಿ ಹೇಳುವುದು ‘ಎರಡು ಕೋರಿ ರೊಟ್ಟಿ’ ಎಂದೇ. ಆರು ಪದದ ಹೆಸರಿಟ್ಟರೆ ಅಡುಗೆಮನೆಯವರು ತಮಗೆ ತೋಚಿದಂತೆ ಮೊಟಕು ಮಾಡುತ್ತಾರೆ, ಆರ್ಡರ್ ಅದಲುಬದಲಾಗುತ್ತದೆ.

ನಮ್ಮ ಹಳೆಯ ತಿಂಡಿಗಳ ಹೆಸರುಗಳಲ್ಲಿ ಈ ಜಾಣತನ ಮೊದಲಿನಿಂದಲೂ ಇದೆ. ತಟ್ಟೆ ಇಡ್ಲಿ ಆಕಾರ ಹೇಳುತ್ತದೆ. ನೀರು ದೋಸೆ ಹಿಟ್ಟಿನ ಹದ ಹೇಳುತ್ತದೆ. ದಾವಣಗೆರೆ ಬೆಣ್ಣೆ ದೋಸೆ ಊರನ್ನೂ ರುಚಿಯನ್ನೂ ಒಟ್ಟಿಗೆ ಹೇಳುತ್ತದೆ. ಕರಾವಳಿಯ ಗಡ್‌ಬಡ್ ಐಸ್‌ಕ್ರೀಂ ಮಾತ್ರ ಏನನ್ನೂ ಹೇಳುವುದಿಲ್ಲ. ಉಡುಪಿ, ಮಂಗಳೂರಿನಲ್ಲಿ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಬಳ್ಳಾರಿಯಲ್ಲಿ ಮಾರುವವರು ಮಾತ್ರ ‘ಎತ್ತರದ ಗ್ಲಾಸಿನಲ್ಲಿ ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಒಣಹಣ್ಣು’ ಎಂದು ಬರೆಯಲೇಬೇಕು.

ಊರಿನ ಹೆಸರು ಹಾಕುವಾಗ ಎಚ್ಚರ ಬೇಕು. ಮೈಸೂರು ಮಸಾಲೆ ದೋಸೆ ಎಂದ ಕೂಡಲೇ ಗಿರಾಕಿ ಒಳಗೆ ಸವರಿದ ಕೆಂಪು ಚಟ್ನಿಯನ್ನು ಹುಡುಕುತ್ತಾನೆ. ಕೆಂಪು ಚಟ್ನಿಯಿಲ್ಲದ ದೋಸೆಗೆ ಆ ಹೆಸರು ಬೇಡ.

ಆಕರ್ಷಕ ಪದಗಳಿಂದ ಲಾಭವಿದೆಯೇ ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ತಮ್ಮ ಕ್ಯಾಂಟೀನಿನಲ್ಲೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಒಂದೇ ರೀತಿ ಬೇಯಿಸಿದ ತರಕಾರಿಗೆ ದಿನಕ್ಕೊಂದು ಬಗೆಯ ಹೆಸರು ಬರೆದಿಟ್ಟರು. ಬರೀ ‘ಕ್ಯಾರೆಟ್’ ಎಂದಿದ್ದ ದಿನಕ್ಕಿಂತ ರುಚಿಯನ್ನು ಬಣ್ಣಿಸಿದ ದಿನ ಅದನ್ನು ಹಾಕಿಸಿಕೊಂಡವರು ಶೇ. 25ರಷ್ಟು ಹೆಚ್ಚು. ‘ಸಕ್ಕರೆ ಸೇರಿಸಿಲ್ಲ’ ಎಂಬಂಥ ಆರೋಗ್ಯದ ಮಾತು ಬರೆದ ದಿನಕ್ಕೆ ಹೋಲಿಸಿದರೆ ಶೇ. 41ರಷ್ಟು ಹೆಚ್ಚು. ಸಣ್ಣ ಹೋಟೆಲಿನವರಿಗೆ ಇಲ್ಲೊಂದು ಸುಳಿವಿದೆ. ಒಂದೆಲಗದ ತಂಬುಳಿಯ ಕೆಳಗೆ ‘ನೆನಪಿನ ಶಕ್ತಿಗೆ ಒಳ್ಳೆಯದು’ ಎನ್ನುವುದಕ್ಕಿಂತ ‘ತಣ್ಣನೆ ಮಜ್ಜಿಗೆಯಲ್ಲಿ ಅರೆದ ಒಂದೆಲಗ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ’ ಎನ್ನುವುದು ಹೆಚ್ಚು ಜನರನ್ನು ಸೆಳೆದೀತು.

ಆದರೆ ಎಲ್ಲ ಬಣ್ಣನೆಯೂ ಒಂದೇ ಅಲ್ಲ. ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಸಾವಿರಾರು ಮೆನುಗಳನ್ನು ಪರಿಶೀಲಿಸಿ, ‘ರುಚಿಕರ’, ‘ತಾಜಾ’ ಎಂಬಂಥ ಪದಗಳು ದುಬಾರಿ ಹೋಟೆಲುಗಳಲ್ಲಿ ಕಡಿಮೆಯೆಂದು ತೋರಿಸಿದ್ದಾರೆ. ಅದು ಸಹಜ. ‘ತಾಜಾ ಮೀನು’ ಎಂದು ಒತ್ತಿ ಬರೆದರೆ ಮಿಕ್ಕ ದಿನ ಎಂಥ ಮೀನು ಎಂಬ ಅನುಮಾನ ಹುಟ್ಟುತ್ತದೆ. ‘ಸ್ಪೆಷಲ್’ ಎಂಬುದೂ ಹಾಗೇ, ಇಪ್ಪತ್ತು ತಿನಿಸುಗಳಲ್ಲಿ ಎಂಟಕ್ಕೆ ಅಂಟಿಸಿದರೆ ಯಾವುದೂ ಸ್ಪೆಷಲ್ ಅಲ್ಲ. ಕಣ್ಣಿಗೆ ಕಾಣುವ, ನಾಲಗೆಗೆ ಸಿಗುವ ಪದ ಬೇಕು: ಕೆಂಡದ ಮೇಲೆ ಸುಟ್ಟ, ಬಾಳೆಎಲೆಯಲ್ಲಿ ಬೇಯಿಸಿದ, ಬೆಲ್ಲ ಬೆರೆಸಿದ.

ಹೆಸರು ಮುಚ್ಚಿಡಬಾರದ ಸಂಗತಿಗಳೂ ಇವೆ. ‘ಕರಾವಳಿ ಚಟ್ನಿ’ ಎಂದು ಬರೆದು ಅದರಲ್ಲಿ ಒಣಸಿಗಡಿ ಇದ್ದರೆ ಸಸ್ಯಾಹಾರಿಗೆ ಮೋಸವಾಗುತ್ತದೆ, ಸಿಗಡಿ ಒಗ್ಗದವರ ಜೀವಕ್ಕೇ ಅಪಾಯವಾಗಬಹುದು. ‘ಒಣಸಿಗಡಿ ಚಟ್ನಿ’ ಎಂಬ ನೇರ ಹೆಸರೇ ಅಲ್ಲಿ ಸರಿ. ಶೇಂಗಾ, ಗೋಡಂಬಿಗೂ ಇದೇ ಮಾತು.

ಹೆಸರು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸಪ್ಲೈಯರ್ ಕಿವಿ ಸಾಕು. ‘ಇದೇನು?’ ಎಂದು ಕೇಳಿ ಆರ್ಡರ್ ಮಾಡಿದರೆ ಹೆಸರು ಕುತೂಹಲ ಹುಟ್ಟಿಸಿದೆ, ವಿವರಣೆ ಸಾಲದು. ಕೇಳಿಯೂ ಬೇಡವೆಂದರೆ ವಿವರಿಸುವ ಮಾತನ್ನೇ ತಿದ್ದಬೇಕು. ತರಿಸಿಕೊಂಡು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರೆ ಎರಡು ಕಾರಣವಿರಬಹುದು: ಅಡುಗೆ ಕೆಟ್ಟಿದೆ, ಇಲ್ಲವೇ ಹೆಸರು ಬೇರೇನನ್ನೋ ಹೇಳಿದೆ. ಆದ್ದರಿಂದ ಹೊಸ ಹೋಟೆಲಿನವರು ಲ್ಯಾಮಿನೇಟ್ ಮಾಡಿಸುವ ಅವಸರ ಮಾಡದೆ, ಮೊದಲ ಎರಡು ವಾರ ಸಾದಾ ಹಾಳೆಯ ಜೆರಾಕ್ಸ್ ಮೆನುವನ್ನೇ ಟೇಬಲ್ಲಿನ ಮೇಲಿಟ್ಟು, ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಅದರ ಅಂಚಿನಲ್ಲೇ ಬರೆದಿಟ್ಟುಕೊಳ್ಳಲಿ.