ಲಕ್ಕಿ ಕೋಲು ಹೊತ್ತು ಬಂದ ಸೇನಾಪತಿ

ಚೀನಾದಲ್ಲಿ ತಪ್ಪು ಮಾಡಿದವರೊಬ್ಬರು ಗೆಳೆಯರ ಮನೆ ಬಾಗಿಲಿಗೆ ಬಂದು ‘ಫು ಜಿಂಗ್ ಚಿಂಗ್ ಝುಯ್’ ಎಂದರೆ ಒಳಗಿನವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬಿಡಿಸಿ ನೋಡಿದರೆ ಇರುವುದು ನಾಲ್ಕೇ ಮಾತು: ಹೊರು, ಕೋಲು, ಬೇಡು, ಅಪರಾಧ. ಯಾರು ಹೊತ್ತರು, ಯಾರ ಬಳಿ ಬೇಡಿದರು, ಏಕೆ ಎಂಬುದು ಅದರಲ್ಲಿಲ್ಲ. ವಿಭಕ್ತಿ, ಕಾಲ, ಲಿಂಗ, ವಚನ ಯಾವುದೂ ಇಲ್ಲ. ಇಂಥ ನಾಲ್ಕಕ್ಷರದ ನುಡಿಗಟ್ಟುಗಳನ್ನು ಚೀನೀ ಭಾಷೆಯಲ್ಲಿ ‘ಚೆಂಗ್‌ಯೂ’ ಎನ್ನುತ್ತಾರೆ. ಚೀನೀ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಒಂದು ಉಚ್ಚಾರ, ಬಹುಮಟ್ಟಿಗೆ ಒಂದು ಅರ್ಥ. ಹಾಗಾಗಿ ನಾಲ್ಕು ಅಕ್ಷರದಲ್ಲಿ ಒಂದು ಇಡೀ ವಾಕ್ಯವೇ ಅಡಗಿ ಕೂರಬಲ್ಲದು. ಚೀನೀಯರ ಅತಿ ಹಳೆಯ ಕವಿತಾ ಸಂಕಲನದ ಸಾಲುಗಳೂ ಹೆಚ್ಚಾಗಿ ನಾಲ್ಕಕ್ಷರದವೇ. ಎರಡು–ಎರಡಾಗಿ ಮುರಿದು ಹೇಳುವ ಆ ಲಯಕ್ಕೆ ಅವರ ಕಿವಿ ಎಂದಿನಿಂದಲೋ ಒಗ್ಗಿದೆ.

ಎಲ್ಲ ಚೆಂಗ್‌ಯೂಗಳಿಗೂ ಕಥೆ ಇರುವುದಿಲ್ಲ. ಎಷ್ಟೋ ಬರೀ ವರ್ಣನೆಯ ಮಾತುಗಳು. ಆದರೆ ಕಥೆಯಿಂದ ಹುಟ್ಟಿದವು ಬೇರೆಯೇ ಜಾತಿ. ‘ತ್ರಿಶಂಕು ಸ್ವರ್ಗ’ ಎಂಬ ಮಾತು ವಿಶ್ವಾಮಿತ್ರನ ಕಥೆ ಕೇಳದವರಿಗೆ ಹೇಗೆ ಬರೀ ಸದ್ದೋ, ಇವೂ ಹಾಗೆಯೇ. ಇಂಥ ಹಲವು ಮಾತುಗಳು ಒಂದೇ ಗ್ರಂಥದ ಒಂದೇ ಅಧ್ಯಾಯದಿಂದ ಬಂದಿವೆ. ಕ್ರಿ.ಪೂ. ಒಂದನೇ ಶತಮಾನದ ಹೊತ್ತಿಗೆ ಸಿಮಾ ಚಿಯೆನ್ ಬರೆದು ಮುಗಿಸಿದ ‘ಶಿಜಿ’ ಎಂಬ ಬೃಹತ್ ಇತಿಹಾಸದ 81ನೇ ಅಧ್ಯಾಯ ಅದು. ಝಾವೋ ಎಂಬ ರಾಜ್ಯದ ಇಬ್ಬರು ಹಿರಿಯರ ಜೀವನ ಅದರ ವಸ್ತು. ಚೀನಾ ಆಗ ಏಳು ದೊಡ್ಡ ರಾಜ್ಯಗಳಾಗಿ ಒಡೆದು ಕಾದಾಡುತ್ತಿತ್ತು. ಪಶ್ಚಿಮದ ಚಿನ್ ರಾಜ್ಯ ಒಂದೊಂದನ್ನೇ ನುಂಗುತ್ತ ಬರುತ್ತಿತ್ತು. ಝಾವೋದ ರಾಜಧಾನಿ ಹಾಂದಾನ್, ಇಂದಿನ ಹಬೇ ಪ್ರಾಂತದಲ್ಲಿದೆ.

ಝಾವೋ ರಾಜನಿಗೆ ಒಂದು ಅಪೂರ್ವ ಜೇಡ್ ಬಿಲ್ಲೆ ಸಿಕ್ಕಿತು. ನಡುವೆ ರಂಧ್ರವಿರುವ ಚಪ್ಪಟೆ ವೃತ್ತಾಕಾರದ ಇಂಥ ಬಿಲ್ಲೆಗೆ ‘ಬಿ’ ಎಂದು ಹೆಸರು. ಸುದ್ದಿ ತಿಳಿದ ಚಿನ್ ರಾಜ, ಅದನ್ನು ಕೊಟ್ಟರೆ 15 ಪಟ್ಟಣ ಕೊಡುತ್ತೇನೆಂದು ಓಲೆ ಕಳಿಸಿದ. ಕೊಟ್ಟರೆ ಪಟ್ಟಣ ಬರುವುದಿಲ್ಲ, ಕೊಡದಿದ್ದರೆ ದಂಡು ಬರುತ್ತದೆ. ಆಸ್ಥಾನಕ್ಕೆ ದಿಕ್ಕು ತೋಚದಾದಾಗ ಒಬ್ಬ ಅಧಿಕಾರಿಯ ಆಶ್ರಯದಲ್ಲಿದ್ದ ಲಿನ್ ಶಿಯಾಂಗ್‌ರು ಎಂಬ ಅಪರಿಚಿತ ಮುಂದೆ ಬಂದ. ಪಟ್ಟಣಗಳು ಬಂದರೆ ಬಿಲ್ಲೆ ಅಲ್ಲಿ ಉಳಿಯುತ್ತದೆ, ಬರದಿದ್ದರೆ ‘ವಾನ್ ಬಿ ಗುಯ್ ಝಾವೋ’ ಎಂದು ಮಾತು ಕೊಟ್ಟ. ಬಿಲ್ಲೆಯನ್ನು ಮುಕ್ಕಾಗದಂತೆ ಝಾವೋಗೆ ಮರಳಿ ತರುತ್ತೇನೆ ಎಂದರ್ಥ.

ಚಿನ್ ಆಸ್ಥಾನದಲ್ಲಿ ರಾಜ ಬಿಲ್ಲೆಯನ್ನು ಕೈಗೆತ್ತಿಕೊಂಡು ರಾಣಿವಾಸದವರಿಗೂ ಪರಿವಾರಕ್ಕೂ ದಾಟಿಸಿದ. ಪಟ್ಟಣದ ಮಾತೇ ಇಲ್ಲ. ಲಿನ್ ಮೆಲ್ಲಗೆ, ಅದರಲ್ಲೊಂದು ಸಣ್ಣ ದೋಷವಿದೆ, ತೋರಿಸುತ್ತೇನೆ ಎಂದ. ಬಿಲ್ಲೆ ಕೈಗೆ ಬಂದದ್ದೇ ತಡ, ಹಿಂದೆ ಸರಿದು ಕಂಬಕ್ಕೆ ಒರಗಿ ನಿಂತ. ಬಲವಂತ ಮಾಡಿದರೆ ನನ್ನ ತಲೆಯನ್ನೂ ಬಿಲ್ಲೆಯನ್ನೂ ಇದೇ ಕಂಬಕ್ಕೆ ಅಪ್ಪಳಿಸಿ ಒಡೆಯುತ್ತೇನೆ ಎಂದ. ಸಿಟ್ಟಿಗೆ ನೆಟ್ಟಗೆ ನಿಂತ ಅವನ ಕೂದಲು ಟೋಪಿಯನ್ನೇ ಮೇಲಕ್ಕೆ ದೂಡಿತೆಂದು ಸಿಮಾ ಚಿಯೆನ್ ಬರೆಯುತ್ತಾನೆ. ಕಡುಕೋಪವನ್ನು ಹೇಳುವ ಇನ್ನೊಂದು ಚೆಂಗ್‌ಯೂ ಈ ವಾಕ್ಯದಿಂದಲೇ ಬಂದಿದೆ. ಐದು ದಿನ ಉಪವಾಸವಿದ್ದು ವಿಧಿಪ್ರಕಾರ ಸ್ವೀಕರಿಸಬೇಕೆಂದು ಲಿನ್ ರಾಜನನ್ನು ಒಪ್ಪಿಸಿದ. ಆ ಐದು ದಿನದಲ್ಲಿ ತನ್ನ ಕಡೆಯವನೊಬ್ಬನಿಗೆ ಒರಟು ಬಟ್ಟೆ ಉಡಿಸಿ, ಬಿಲ್ಲೆಯನ್ನು ಕೊಟ್ಟು, ಕಳ್ಳದಾರಿಯಲ್ಲಿ ಊರಿಗೆ ಸಾಗಿಸಿಬಿಟ್ಟ. ಅವನನ್ನು ಕೊಂದರೆ ಬಿಲ್ಲೆಯೂ ಸಿಗದು, ನೆರೆಯ ಸ್ನೇಹವೂ ಕೆಡುತ್ತದೆ ಎಂದು ಚಿನ್ ರಾಜ ಅವನನ್ನು ಬಿಟ್ಟು ಕಳಿಸಿದ.

ಈ ನಾಲ್ಕು ಅಕ್ಷರ ಸಿಮಾ ಚಿಯೆನ್ನನ ಪುಟದಲ್ಲಿ, ಲಿನ್‌ನ ಬಾಯಲ್ಲೇ ಇದ್ದಂತೆ ಇವೆ. ಆದರೆ ಇಂದು ಅವುಗಳಿಂದ ಪ್ರಾಣಭಯ ಪೂರ್ತಿ ಇಳಿದುಹೋಗಿದೆ. ಎರವಲು ತಂದ ಪುಸ್ತಕವನ್ನೋ ಕ್ಯಾಮೆರಾವನ್ನೋ ಹಾಳು ಮಾಡದೆ ಹಿಂತಿರುಗಿಸಿದರೂ ಚೀನೀಯರು ‘ವಾನ್ ಬಿ ಗುಯ್ ಝಾವೋ’ ಎಂದೇ ಹೇಳುತ್ತಾರೆ. ಅಲ್ಲಿ ಝಾವೋ ಎಂಬ ಹೆಸರಿಗೆ ಒಡೆಯ ಎಂಬುದರಾಚೆ ಬೇರೆ ಅರ್ಥ ಉಳಿದಿಲ್ಲ.

ಲಿನ್‌ಗೆ ಪದವಿಯ ಮೇಲೆ ಪದವಿ ಬಂತು. ಕ್ರಿ.ಪೂ. 279ರಲ್ಲಿ ಎರಡು ರಾಜರ ಭೇಟಿಯಲ್ಲಿ ಝಾವೋ ರಾಜನ ಮಾನವನ್ನು ಮತ್ತೊಮ್ಮೆ ಉಳಿಸಿದ ಮೇಲಂತೂ ಅವನ ಸ್ಥಾನ ಹಿರಿಯ ಸೇನಾಪತಿ ಲಿಯಾನ್ ಪೋಗಿಂತ ಮೇಲಾಯಿತು. ಲಿಯಾನ್ ಪೋಗೆ ಇದು ಸಹಿಸಲಿಲ್ಲ. ತಾನು ಕೋಟೆ ಗೆದ್ದು, ರಣದಲ್ಲಿ ಬೆವರು ಸುರಿಸಿ ಮೇಲೆ ಬಂದವನು. ಇವನು ಕೀಳು ಮನೆತನದವನು, ನಾಲಿಗೆಯಾಡಿಸಿ ಮೇಲೇರಿದವನು. ಎದುರು ಸಿಕ್ಕರೆ ಅವಮಾನ ಮಾಡಿಯೇ ತೀರುತ್ತೇನೆ ಎಂದು ಸಾರಿದ. ಲಿನ್ ಕಾಯಿಲೆಯ ನೆವ ಹೇಳಿ ದರ್ಬಾರು ತಪ್ಪಿಸತೊಡಗಿದ. ಬೀದಿಯಲ್ಲಿ ಲಿಯಾನ್ ಪೋನ ರಥ ದೂರದಲ್ಲಿ ಕಂಡರೆ ತನ್ನ ರಥವನ್ನು ಬೇರೆ ಕಡೆ ತಿರುಗಿಸಿ ಅಡಗುತ್ತಿದ್ದ. ಹಾಂದಾನ್‌ನಲ್ಲಿ ಒಂದು ಇಕ್ಕಟ್ಟಿನ ಓಣಿಗೆ ಇಂದಿಗೂ ‘ರಥ ತಿರುಗಿಸಿದ ಓಣಿ’ ಎಂದೇ ಹೆಸರು.

ನಾಚಿಕೆಯಾಗಿ ಕೆಲಸ ಬಿಡುತ್ತೇವೆಂದ ತನ್ನ ಆಶ್ರಿತರಿಗೆ ಲಿನ್ ಒಂದು ಪ್ರಶ್ನೆ ಹಾಕಿದ: ಲಿಯಾನ್ ಪೋ ಹೆಚ್ಚು ಭಯಂಕರನೋ, ಚಿನ್ ರಾಜನೋ? ಚಿನ್ ರಾಜನನ್ನು ಅವನ ಆಸ್ಥಾನದಲ್ಲೇ ಗದರಿದವನು ಈ ಸೇನಾಪತಿಗೆ ಹೆದರುತ್ತೇನೆಯೇ? ಚಿನ್ ನಮ್ಮ ಮೇಲೆ ಏರಿ ಬರದಿರುವುದು ನಾವಿಬ್ಬರೂ ಇರುವುದರಿಂದ. ಎರಡು ಹುಲಿ ಕಾದಾಡಿದರೆ ಎರಡೂ ಉಳಿಯುವುದಿಲ್ಲ ಎಂದ.

ಮಾತು ಲಿಯಾನ್ ಪೋನ ಕಿವಿಗೆ ಬಿತ್ತು. ಅವನು ಅಂಗಿ ಕಳಚಿ, ಬರಿಮೈಯಲ್ಲಿ ‘ಜಿಂಗ್’ ಗಿಡದ ಕೋಲುಗಳನ್ನು ಬೆನ್ನಿಗೆ ಹೊತ್ತು ಲಿನ್‌ನ ಬಾಗಿಲಿಗೆ ನಡೆದ. ಈ ಜಿಂಗ್ ಅನ್ನು ಅನುವಾದಗಳಲ್ಲಿ ಮುಳ್ಳೆಂದು ಬರೆಯುವುದುಂಟು. ಮುಳ್ಳಿನ ಹೊರೆ ಎಂದುಕೊಂಡರೆ ಸೇನಾಪತಿ ತನ್ನ ಮೈಯನ್ನು ತಾನೇ ದಂಡಿಸಿಕೊಂಡ ಎಂದಾಗುತ್ತದೆ, ಕಥೆಯ ಹುರುಳೇ ತಪ್ಪುತ್ತದೆ. ಜಿಂಗ್ ಎಂದರೆ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಲಕ್ಕಿ ಗಿಡದ್ದೇ ಕುಲ. ಲಕ್ಕಿಗೆ ಮುಳ್ಳಿಲ್ಲ, ಬಳುಕುವ, ಸುಲಭವಾಗಿ ಮುರಿಯದ ನೀಳ ಕಡ್ಡಿ ಅದರದ್ದು. ಚೀನಾದಲ್ಲಿ ಅದರಿಂದ ಬುಟ್ಟಿ ಹೆಣೆಯುತ್ತಿದ್ದರು, ಅಪರಾಧಿಗಳನ್ನು ಹೊಡೆಯುವ ಕೋಲನ್ನೂ ಮಾಡುತ್ತಿದ್ದರು. ಲಿಯಾನ್ ಪೋ ಹೊತ್ತು ತಂದದ್ದು ತನ್ನನ್ನು ಹೊಡೆಯಲು ಬೇಕಾದ ಬೆತ್ತವನ್ನು. ಅಂಗಿ ಕಳಚಿದ್ದು ಏಟಿಗೆ ಬೆನ್ನು ತೆರೆದಿಡಲು. ಶಿಕ್ಷೆಯ ಆಯ್ಕೆಯನ್ನು ಅವನು ಪೂರ್ತಿ ಎದುರಿನವನ ಕೈಗೆ ಒಪ್ಪಿಸಿದ್ದ.

ಲಿನ್ ಹೊಡೆಯಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕೊರಳು ಕೊಡುವಷ್ಟು ಗಾಢ ಗೆಳೆಯರಾದರು. ಈ ಚೆಂಗ್‌ಯೂ ಹುಟ್ಟಿದ ರೀತಿ ಬಿಲ್ಲೆಯದಕ್ಕಿಂತ ಬೇರೆ. ಸಿಮಾ ಚಿಯೆನ್ ಬರೆದ ಉದ್ದ ವಾಕ್ಯದಲ್ಲಿ ‘ಕೋಲು ಹೊತ್ತು’ ಎಂಬುದು ಇದೆ, ಕ್ಷಮೆ ಕೇಳಿದ್ದೂ ಇದೆ. ‘ಬರಿಮೈ’, ‘ಬಾಗಿಲು’, ಮಧ್ಯಸ್ಥರು ಎಲ್ಲ ಇದ್ದಾರೆ. ಮುಂದಿನವರು ಅದನ್ನು ಕತ್ತರಿಸಿ, ಒಂದು ಪದ ಬದಲಿಸಿ, ನಾಲ್ಕಕ್ಕೆ ಇಳಿಸಿದರು.

ಮೂರನೆಯದು ಇನ್ನೂ ವಿಚಿತ್ರ. ಕ್ರಿ.ಪೂ. 260ರ ಹೊತ್ತಿಗೆ ಚಿನ್ ಮತ್ತು ಝಾವೋ ಸೇನೆಗಳು ಇಂದಿನ ಶಾನ್‌ಶಿ ಪ್ರಾಂತದ ಚಾಂಗ್‌ಪಿಂಗ್ ಎಂಬಲ್ಲಿ ಎದುರಾಬದುರಾಗಿದ್ದವು. ಲಿಯಾನ್ ಪೋ ಮಣ್ಣಿನ ಗೋಡೆಗಳ ಹಿಂದೆ ಗಟ್ಟಿಯಾಗಿ ಕೂತು ಹೊರಗೆ ಬರಲೊಲ್ಲನು. ದೂರದಿಂದ ಬಂದ ಶತ್ರು ಬಳಲಲಿ ಎಂಬುದು ಅವನ ಲೆಕ್ಕ. ಚಿನ್ ಕಡೆಯವರು ಹಣ ಚೆಲ್ಲಿ ಹಾಂದಾನ್‌ನಲ್ಲಿ ಗಾಳಿಮಾತು ಹಬ್ಬಿಸಿದರು: ಚಿನ್‌ಗೆ ಹೆದರಿಕೆ ಇರುವುದು ಝಾವೋ ಕ್ವೊ ಎಂಬ ತರುಣನದು ಮಾತ್ರ. ಹೊಸ ರಾಜ ನಂಬಿದ. ಹಾಸಿಗೆ ಹಿಡಿದಿದ್ದ ಲಿನ್ ಬೇಡವೆಂದ. ತಂತಿವಾದ್ಯದ ಕುದುರೆಗಳಿಗೆ ಅಂಟು ಹಾಕಿ ನುಡಿಸಿದಂತಾಗುತ್ತದೆ, ಅವನಿಗೆ ತಂದೆಯ ಗ್ರಂಥ ಓದುವುದು ಗೊತ್ತೇ ಹೊರತು ಸಂದರ್ಭಕ್ಕೆ ತಕ್ಕಂತೆ ಬದಲಾಗುವುದು ಗೊತ್ತಿಲ್ಲ ಎಂದ. ರಾಜ ಕೇಳಲಿಲ್ಲ.

ಝಾವೋ ಕ್ವೊ ಬಂದವನೇ ನಿಯಮಗಳನ್ನೆಲ್ಲ ಬದಲಿಸಿ, ಅಧಿಕಾರಿಗಳನ್ನು ಎತ್ತಂಗಡಿ ಮಾಡಿದ. ಚಿನ್ ಸದ್ದಿಲ್ಲದೆ ತನ್ನ ಅತಿ ನುರಿತ ದಳಪತಿ ಬಾಯ್ ಚಿಯನ್ನು ಅಲ್ಲಿಗೆ ಕಳಿಸಿ, ಸುದ್ದಿ ಹೊರಗೆಡಹಿದವರ ತಲೆ ತೆಗೆಯುವುದಾಗಿ ಆಜ್ಞೆ ಹೊರಡಿಸಿತು. ಬಾಯ್ ಚಿ ಸೋತವನಂತೆ ಹಿಂದೆ ಸರಿದ, ಝಾವೋ ಕ್ವೊ ಬೆನ್ನಟ್ಟಿದ. ಅಷ್ಟರಲ್ಲಿ ಚಿನ್ ತುಕಡಿಗಳು ಹಿಂದಿನಿಂದ ಸುತ್ತಿ, ಝಾವೋ ಸೇನೆಯನ್ನು ಎರಡಾಗಿ ಸೀಳಿ, ಧಾನ್ಯ ಬರುವ ದಾರಿಯನ್ನು ಕಡಿದವು. 46 ದಿನ ಊಟವಿಲ್ಲದೆ ಸೈನಿಕರು ಒಬ್ಬರನ್ನೊಬ್ಬರು ಕೊಂದು ತಿಂದರೆಂದು ‘ಶಿಜಿ’ ಹೇಳುತ್ತದೆ. ನುಗ್ಗಿ ಹೊರಬರಲು ನೋಡಿದ ಝಾವೋ ಕ್ವೊ ಬಾಣ ತಾಗಿ ಸತ್ತ. ಶರಣಾದ ಲಕ್ಷಾಂತರ ಜನರನ್ನು ಬಾಯ್ ಚಿ ಕೊಲ್ಲಿಸಿ, ತೀರ ಚಿಕ್ಕ ವಯಸ್ಸಿನ 240 ಮಂದಿಯನ್ನು ಮಾತ್ರ ಊರಿಗೆ ಬಿಟ್ಟ. ಒಟ್ಟು ನಷ್ಟ ನಾಲ್ಕೂವರೆ ಲಕ್ಷ ಎಂಬ ಸಿಮಾ ಚಿಯೆನ್ನನ ಅಂಕಿಯನ್ನು ಇಂದಿನ ಎಷ್ಟೋ ಇತಿಹಾಸಕಾರರು ಉತ್ಪ್ರೇಕ್ಷೆ ಎನ್ನುತ್ತಾರೆ. ಆದರೆ ಹತ್ಯೆ ನಡೆದದ್ದು ಕಟ್ಟುಕಥೆಯಲ್ಲ. 1995ರಲ್ಲಿ ಅದೇ ಪ್ರದೇಶದ ಯೋಂಗ್‌ಲು ಹಳ್ಳಿಯಲ್ಲಿ ಅಗೆದಾಗ ನೂರಕ್ಕೂ ಹೆಚ್ಚು ಜನರ ಮೂಳೆಗಳಿದ್ದ ಗುಂಡಿ ಸಿಕ್ಕಿತು.

ಈ ದುರಂತದಿಂದ ಬಂದ ಚೆಂಗ್‌ಯೂ ‘ಝಿ ಶಾಂಗ್ ತಾನ್ ಬಿಂಗ್’, ಕಾಗದದ ಮೇಲೆ ಯುದ್ಧದ ಚರ್ಚೆ. ಕಚೇರಿಯಲ್ಲಿ ಅನುಭವವಿಲ್ಲದವನು ಅಂದವಾದ ಯೋಜನೆ ಮಂಡಿಸಿದರೆ ಇಂದು ಈ ಮಾತಿನಿಂದಲೇ ಟೀಕಿಸುತ್ತಾರೆ. ಆದರೆ ‘ಶಿಜಿ’ಯ ಆ ಅಧ್ಯಾಯದಲ್ಲಿ ಎಲ್ಲಿ ಹುಡುಕಿದರೂ ಈ ನಾಲ್ಕು ಅಕ್ಷರ ಸಿಗುವುದಿಲ್ಲ. ಝಾವೋ ಕ್ವೊ ಓದಿದ್ದು ಬಿದಿರಿನ ಪಟ್ಟಿಗಳ ಗ್ರಂಥಗಳನ್ನು. ಕಾಗದ ತಯಾರಿಕೆಯನ್ನು ಸುಧಾರಿಸಿದ ಕೀರ್ತಿ ಪಡೆದ ಚಾಯ್ ಲುನ್ ಬಂದದ್ದು ಕ್ರಿ.ಶ. 105ರಲ್ಲಿ. 18ನೇ ಶತಮಾನದ ‘ಕೆಂಪು ಮಹಲಿನ ಕನಸು’ ಕಾದಂಬರಿಯಲ್ಲಿ ಈ ಮಾತು ಬರುವುದು ಹೆಣ್ಣುಮಕ್ಕಳ ಕವಿತೆ ರಚನೆಯ ಬಗ್ಗೆ, ಯುದ್ಧದ ಬಗ್ಗೆಯಲ್ಲ. ಬೇರೆಲ್ಲೋ ಹುಟ್ಟಿ ಬೆಳೆದ ಮಾತು ಹಳೆಯ ಸೇನಾಪತಿಯೊಬ್ಬನಿಗೆ ಬಂದು ಅಂಟಿಕೊಂಡಿದೆ.

ಅಂಟಿಕೊಂಡ ಮೇಲೆ ಕಥೆಯ ಉಳಿದ ಭಾಗವನ್ನು ಅದು ಮರೆಸಿತು. ಪುಸ್ತಕದ ಹುಳುವೊಬ್ಬನಿಂದ ಎಲ್ಲ ಕೆಟ್ಟಿತು ಎಂಬುದಷ್ಟೇ ಉಳಿಯಿತು. ಗಾಳಿಮಾತು ನಂಬಿದ ರಾಜ, ಕಡಿದುಹೋದ ಧಾನ್ಯದ ದಾರಿ ಇವು ಹಿಂದೆ ಬಿದ್ದವು. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವೆನಿಸುವುದು ಝಾವೋ ಕ್ವೊನ ತಾಯಿಯದು. ಮಗ ಹೊರಡುವ ಮುಂಚೆ ಆಕೆ ರಾಜನಿಗೆ ಅರ್ಜಿ ಬರೆದಳು. ಮಗನ ಓದಿನ ಬಗ್ಗೆ ಅದರಲ್ಲಿ ದೂರಿಲ್ಲ. ಇವನ ತಂದೆ ಸೇನಾಪತಿಯಾಗಿದ್ದಾಗ ಎಷ್ಟೋ ಜನರಿಗೆ ತಾನೇ ಅನ್ನ ಬಡಿಸುತ್ತಿದ್ದ, ಅರಮನೆಯ ಉಡುಗೊರೆಯನ್ನೆಲ್ಲ ಅಧಿಕಾರಿಗಳಿಗೆ ಹಂಚುತ್ತಿದ್ದ, ಆಜ್ಞೆ ಬಂದ ದಿನದಿಂದ ಮನೆಯ ವಿಷಯ ಕೇಳುತ್ತಿರಲಿಲ್ಲ; ಇವನು ಸೇನಾಪತಿಯಾದ ಕೂಡಲೇ ಬೀಗುತ್ತಿದ್ದಾನೆ, ಅಧಿಕಾರಿಗಳು ಇವನ ಮುಖವೆತ್ತಿ ನೋಡಲು ಅಂಜುತ್ತಾರೆ, ನೀವು ಕೊಟ್ಟ ಚಿನ್ನ, ರೇಷ್ಮೆಯನ್ನು ಮನೆಯಲ್ಲಿಟ್ಟು ಅಗ್ಗಕ್ಕೆ ಸಿಗುವ ಹೊಲ ಮನೆ ಹುಡುಕುತ್ತಿದ್ದಾನೆ ಎಂದಳು.

ರಾಜ ತನ್ನ ತೀರ್ಮಾನ ಆಗಿಹೋಗಿದೆ ಎಂದ. ಹಾಗಾದರೆ ಅವನು ಸೋತರೆ ನನ್ನನ್ನು ಅದಕ್ಕೆ ಹೊಣೆ ಮಾಡಬೇಡಿ ಎಂದು ಆಕೆ ಕೇಳಿದಳು. ರಾಜ ಒಪ್ಪಿದ. ಚಾಂಗ್‌ಪಿಂಗ್‌ನ ಸುದ್ದಿ ಬಂದಾಗ, ಆ ಮಾತು ಕೊಟ್ಟಿದ್ದರಿಂದಲೇ ಆಕೆಯನ್ನು ಕೊಲ್ಲಿಸಲಿಲ್ಲ. ಆಕೆಯ ಹೆಸರನ್ನು ಸಿಮಾ ಚಿಯೆನ್ ಬರೆದಿಲ್ಲ. ಆಕೆಯ ಅರ್ಜಿಯಿಂದ ಜನರ ಬಾಯಲ್ಲಿ ನಿಂತ ಚೆಂಗ್‌ಯೂ ಹುಟ್ಟಿಲ್ಲ.