ಮೊದಲ ಕಂತಿಗೆ ಒಂದು ವರ್ಷ ಹಿಂದೆ

ಊರಿನ ಹೈಸ್ಕೂಲಿನಲ್ಲಿ ಅಪ್ಪನ ಹೆಸರಲ್ಲೊಂದು ದತ್ತಿ ಬಹುಮಾನ ಇಡಬೇಕು ಅಂದುಕೊಳ್ಳಿ. ಇವತ್ತು ದುಡ್ಡು ಕಟ್ಟಿದರೆ ಸರಿಯಾಗಿ ಒಂದು ವರ್ಷಕ್ಕೆ ಮೊದಲ ಬಹುಮಾನ, 50,000 ರೂಪಾಯಿ. ಬೆಲೆಗಳು ಏರುತ್ತವಲ್ಲ, ಹಾಗಾಗಿ ಆಮೇಲೆ ಪ್ರತಿವರ್ಷ ಶೇ. 4ರಷ್ಟು ಹೆಚ್ಚಿಸುತ್ತ, ಎಂದೂ ನಿಲ್ಲಿಸದೆ ಕೊಡಬೇಕು. ಬಡ್ಡಿ ಶೇ. 8. ಈಗ ಎಷ್ಟು ಕಟ್ಟಬೇಕು?

ಕಾಮರ್ಸ್ ವಿದ್ಯಾರ್ಥಿಗಳು ಇದನ್ನು ಬೆಳೆಯುವ ಪರ್ಪೆಚುಯಿಟಿ ಅನ್ನುತ್ತಾರೆ. ಲೆಕ್ಕ ಒಂದೇ ಭಾಗಾಕಾರ: ಬಡ್ಡಿದರದಲ್ಲಿ ಏರಿಕೆಯ ದರ ಕಳೆದು, ಉಳಿದದ್ದರಿಂದ ಮೊದಲ ಕಂತನ್ನು ಭಾಗಿಸಿದರಾಯಿತು.

50,000 ÷ (0.08 − 0.04) = 12,50,000

ನಂಬಿಕೆ ಬರದಿದ್ದರೆ ಪಾಸ್‌ಬುಕ್ಕಿನಲ್ಲಿ ನಡೆಸಿ ನೋಡಿ. ಹನ್ನೆರಡೂವರೆ ಲಕ್ಷಕ್ಕೆ ವರ್ಷಕ್ಕೆ ಒಂದು ಲಕ್ಷ ಬಡ್ಡಿ. ಅರ್ಧ ಬಹುಮಾನಕ್ಕೆ ಹೋಯಿತು, ಅರ್ಧ ಅಸಲಿಗೆ ಸೇರಿ 13 ಲಕ್ಷವಾಯಿತು. ಅಂದರೆ ಅಸಲೂ ಶೇ. 4ರಷ್ಟೇ ಬೆಳೆದಿದೆ. ಮುಂದಿನ ವರ್ಷ 1,04,000 ಬಡ್ಡಿ, 52,000 ಬಹುಮಾನ. ಹೀಗೆಯೇ ಸಾಗುತ್ತದೆ. ಏರಿಕೆ ಬಡ್ಡಿಯಷ್ಟೇ ಆದರೆ ಅಥವಾ ಅದನ್ನು ಮೀರಿದರೆ ಮಾತ್ರ ಎಷ್ಟು ಕಟ್ಟಿದರೂ ಸಾಲದು. ಸೂತ್ರಕ್ಕೆ ಅರ್ಥವೇ ಇರುವುದಿಲ್ಲ. ಬಡ್ಡಿ ಶೇ. 7ಕ್ಕೆ ಇಳಿದರೂ ಬೇಕಾಗುವ ಮೊತ್ತ ಹದಿನಾರೂವರೆ ಲಕ್ಷ ದಾಟುತ್ತದೆ. ಶಾಶ್ವತ ದತ್ತಿಗಳು ಬಡವಾಗುವುದು ಇಲ್ಲಿಯೇ.

ಈ ಸೂತ್ರ ಕೊಡುವ ಉತ್ತರ ಮೊದಲ ಕಂತಿಗಿಂತ ಒಂದು ವರ್ಷ ಹಿಂದಿನ ದಿನದ್ದು. ಮೊದಲ ಬಹುಮಾನವನ್ನು ಇವತ್ತೇ ಕೊಡುವುದಾದರೆ ಕೈಯಿಂದ 50,000 ಕೊಟ್ಟು, ಮುಂದಿನ 52,000ಕ್ಕೆ ಬೇರೆ 13 ಲಕ್ಷ ಕಟ್ಟಬೇಕು. ಒಟ್ಟು ಹದಿಮೂರೂವರೆ ಲಕ್ಷ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಇದೇ ನಿಯಮ ಮುಂದೂಡಿದ ಆನ್ಯುಯಿಟಿಗೆ ಬಂದಾಗ. ಆರನೇ ವರ್ಷದ ಕೊನೆಯಿಂದ ಹತ್ತು ವರ್ಷ, ವರ್ಷಕ್ಕೆ ಒಂದು ಲಕ್ಷ ಬೇಕು, ಬಡ್ಡಿ ಶೇ. 8. ಹತ್ತು ಕಂತುಗಳ ಸಾಮಾನ್ಯ ಆನ್ಯುಯಿಟಿ ಲೆಕ್ಕ ಹೀಗೆ:

1,00,000 × (1 − 1.08⁻¹⁰) ÷ 0.08 = 6,71,008

ಇದು ಯಾವ ದಿನದ ಮೌಲ್ಯ? ಆರನೇ ವರ್ಷದ್ದಲ್ಲ, ಐದನೇ ವರ್ಷದ ಕೊನೆಯದು. ಆದ್ದರಿಂದ ಇವತ್ತಿಗೆ ತರಲು 1.08ನ್ನು ಐದು ಸಲ ಗುಣಿಸಿ ಬಂದ 1.4693ರಿಂದ ಭಾಗಿಸಬೇಕು, ಬರುವುದು ಸುಮಾರು 4,56,677. ಪ್ರಶ್ನೆಯಲ್ಲಿ ‘ಆರನೇ ವರ್ಷ’ ಎಂದು ಕಂಡ ತಕ್ಷಣ ಆರು ವರ್ಷ ಹಿಂದಕ್ಕೆ ಎಳೆದವರಿಗೆ 4,22,849 ಸಿಗುತ್ತದೆ. ನೋಡಲು ಇದೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಬಯಲಾಗುವುದು ಆ ಮೊತ್ತವನ್ನೇ ಕಟ್ಟಿ ವರ್ಷದಿಂದ ವರ್ಷಕ್ಕೆ ಕಂತು ತೆಗೆಯುತ್ತ ಹೋದಾಗ: ಒಂಬತ್ತನೇ ಕಂತಿಗೇ ಸುಮಾರು 6,800 ರೂಪಾಯಿ ಕಡಿಮೆ ಬೀಳುತ್ತದೆ, ಹತ್ತನೆಯದಕ್ಕೆ ಏನೂ ಉಳಿಯುವುದಿಲ್ಲ.